ಎರಡು ಚಿರೆಕಲ್ಲಿನ ಗೋಡೆಯಾಚೆಯ ಟಿವಿಗೆ 2.4ರ ವೈಫೈ ಒಳ್ಳೆಯದೋ, 5ರದ್ದು ಒಳ್ಳೆಯದೋ

ಕುಮಟಾದ ಹತ್ತಿರ ಇರುವ ಅತ್ತೆಯ ಮನೆಯಲ್ಲಿ ರಾತ್ರಿ ಊಟ ಮುಗಿಯುವುದಕ್ಕೂ ಯಕ್ಷಗಾನದ ನೇರಪ್ರಸಾರ ಶುರುವಾಗುವುದಕ್ಕೂ ಸರಿಹೋಗುತ್ತದೆ. ಕಳೆದ ಬೇಸಿಗೆಯಲ್ಲಿ ನಾನು ಹೋದ ದಿನ ಭಾಗವತರು ಪದ ಎತ್ತಿದರು, ಚಂಡೆಯ ಪೆಟ್ಟು ಏರಿತು, ವೇಷ ಇನ್ನೇನು ರಂಗಕ್ಕೆ ಬರಬೇಕು, ಅಷ್ಟರಲ್ಲಿ ಪರದೆಯ ನಡುವೆ ಚಕ್ರ ತಿರುಗತೊಡಗಿತು. "ನಮ್ಮ ಮನೆಯ ಮೇಳದಲ್ಲಿ ಎರಡನೇ ವೇಷ ಯಾವಾಗಲೂ ಇದರದ್ದೇ ತಮ್ಮಾ" ಎಂದರು ಅತ್ತೆ. ಭಾವ ಎದ್ದು ಜಗಲಿಗೆ ಹೋದ. ರೂಟರಿನ ಪಕ್ಕ ನಿಂತು ಮೊಬೈಲಿನಲ್ಲಿ ವೇಗ ಅಳೆದು, "ನೋಡು, 60 ಎಂಬಿಪಿಎಸ್ ಪ್ಲಾನಿನಲ್ಲಿ 58 ಬರುತ್ತಿದೆ. ಲೈನಿನದ್ದೇನೂ ತಪ್ಪಿಲ್ಲ, ಟಿವಿಯೇ ಹಾಳಾಗಿದೆ" ಎಂದು ತೀರ್ಪು ಕೊಟ್ಟ.

ಲೈನಿನ ವಿಷಯದಲ್ಲಿ ಭಾವ ಹೇಳಿದ್ದು ಸರಿ. ಟಿವಿಯ ವಿಷಯದಲ್ಲಿ ಅಲ್ಲ. ಜಗಲಿಯ ಮೂಲೆಗೂ ಟಿವಿ ಇರುವ ಒಳಕೋಣೆಗೂ ನಡುವೆ ಎರಡು ಚಿರೆಕಲ್ಲಿನ ಗೋಡೆಗಳಿವೆ. ಚಕ್ರ ತಿರುಗಿಸುತ್ತಿದ್ದದ್ದು ಅವೇ.

ರೂಟರ್ ಮುಟ್ಟುವ ಮೊದಲು ತಪ್ಪು ಮನೆಯೊಳಗಿನದೋ ಹೊರಗಿನದೋ ಎಂದು ಖಚಿತ ಮಾಡಿಕೊಳ್ಳಬೇಕು. ಲ್ಯಾಪ್‌ಟಾಪ್ ಇದ್ದರೆ ಅದನ್ನು ಟಿವಿಯ ಪಕ್ಕದಲ್ಲೇ ಇಟ್ಟು, ಟಿವಿ ಯಾವ ವೈಫೈಯಲ್ಲಿದೆಯೋ ಅದಕ್ಕೇ ಸೇರಿಸಿ, ವಿಂಡೋಸಿನ ಕಮಾಂಡ್ ಕಿಟಕಿಯಲ್ಲಿ ಇಷ್ಟು ಹೊಡೆಯಿರಿ:

```
ping -t 192.168.1.1
```

ಇದು ಹೊರಗಿನ ಇಂಟರ್ನೆಟ್ಟನ್ನಲ್ಲ, ನಿಮ್ಮ ರೂಟರನ್ನೇ ಮತ್ತೆ ಮತ್ತೆ ಕೂಗಿ ಕರೆಯುವ ಕೆಲಸ. ಕೆಲವು ಪೆಟ್ಟಿಗೆಗಳ ವಿಳಾಸ 192.168.0.1 ಅಥವಾ ಬೇರೇನೋ ಇರುತ್ತದೆ. ಅಡಿಯ ಚೀಟಿಯಲ್ಲಿ ಬರೆದಿರುತ್ತಾರೆ. ಒಂದೆರಡು ನಿಮಿಷ ಓಡಲು ಬಿಡಿ. ಉತ್ತರ ಸದಾ ಹತ್ತು ಮಿಲಿಸೆಕೆಂಡಿನೊಳಗೆ ಬರುತ್ತಿದ್ದು, ಆಗಲೂ ಟಿವಿ ನಿಲ್ಲುತ್ತಿದ್ದರೆ ದೋಷ ಹೆಚ್ಚಾಗಿ ಲೈನಿನದು, ಕಂಪನಿಗೆ ಫೋನ್ ಮಾಡಿ. ಅತ್ತೆಯ ಮನೆಯಲ್ಲಿ ಬಂದದ್ದು 5, 6, 4, 210, 380, ಆಮೇಲೆ ಎರಡು ಸಲ Request timed out. ಮನೆಯೊಳಗೇ ಇರುವ ರೂಟರ್ ಕೂಗಿಗೆ ಓಗೊಡುತ್ತಿಲ್ಲವೆಂದರೆ ಅದಕ್ಕೆ ಹೊರಗಿನವರನ್ನು ಬೈದು ಫಲವಿಲ್ಲ.

ಲ್ಯಾಪ್‌ಟಾಪ್ ಇಲ್ಲದವರು ಟಿವಿಯಲ್ಲೇ ನೋಡಬಹುದು. ಯೂಟ್ಯೂಬಿನ ಸೆಟ್ಟಿಂಗ್ಸ್ ಚಿಹ್ನೆ ಒತ್ತಿದರೆ Stats for nerds ಎಂಬ ಸಾಲು ಸಿಗುತ್ತದೆ. ಅದನ್ನು ತೆರೆದು Buffer Health ಎಂಬುದರ ಮೇಲೆ ಕಣ್ಣಿಡಿ. ಮುಂದಿನ ಎಷ್ಟು ಸೆಕೆಂಡಿನ ವಿಡಿಯೋವನ್ನು ಟಿವಿ ಈಗಾಗಲೇ ತಂದಿಟ್ಟುಕೊಂಡಿದೆ ಎಂಬ ಲೆಕ್ಕ ಅದು. ಆ ರಾತ್ರಿ ಅದು 9, 6, 3, 0.7 ಎಂದು ಇಳಿಯಿತು, ಮತ್ತೆ ಚಕ್ರ.

ಇಲ್ಲಿ ಒಂದು ಸೂಕ್ಷ್ಮ ಇದೆ, ಹೆಚ್ಚಿನವರು ಇದರಲ್ಲೇ ದಾರಿ ತಪ್ಪುತ್ತಾರೆ. ಹಳೆಯ ಪ್ರಸಂಗದ ಮುದ್ರಿತ ವಿಡಿಯೋ ಹಾಕಿದರೆ ಟಿವಿ ಒಂದು ನಿಮಿಷದಷ್ಟನ್ನೋ ಅದಕ್ಕೂ ಹೆಚ್ಚನ್ನೋ ಮುಂಚೆಯೇ ಇಳಿಸಿಕೊಂಡಿರುತ್ತದೆ. ವೈಫೈ ಹತ್ತು ಸೆಕೆಂಡು ಮುಗ್ಗರಿಸಿದರೂ ನಮಗೆ ತಿಳಿಯುವುದಿಲ್ಲ. ನೇರಪ್ರಸಾರದಲ್ಲಿ ಆ ದಾಸ್ತಾನು ಕೆಲವೇ ಸೆಕೆಂಡು, ಏಕೆಂದರೆ ಮುಂದಿನದು ಇನ್ನೂ ನಡೆದೇ ಇಲ್ಲ! ಹಾಗಾಗಿ "ಸಿನಿಮಾ ಚೆನ್ನಾಗಿ ಬರುತ್ತದೆ, ಆಟ ಮಾತ್ರ ನಿಲ್ಲುತ್ತದೆ, ಆಟ ಹಾಕುವವರದ್ದೇ ತಪ್ಪು" ಎಂದು ಕೊನೆಗೆ ಭಾವ ಹೇಳಿದ್ದೂ ಪೂರ್ತಿ ಸರಿಯಲ್ಲ. ನಿಮ್ಮ ಟಿವಿಗೆ ಬೇಕಾದದ್ದು ದೊಡ್ಡ ವೇಗವಲ್ಲ, ಮುಗ್ಗರಿಸದ ವೇಗ. ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್ ಸಾಕು, 4ಕೆಗೆ 15ರಿಂದ 20. ಇದರ ಮೂರು ಪಟ್ಟು ವೇಗ ಇದ್ದೂ ಚಕ್ರ ತಿರುಗುವುದುಂಟು.

ಇನ್ನು ಎರಡು ಬ್ಯಾಂಡುಗಳ ವಿಷಯ. ಈಗಿನ ಹೆಚ್ಚಿನ ರೂಟರುಗಳು ಒಂದೇ ಪೆಟ್ಟಿಗೆಯಿಂದ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಎಂಬ ಎರಡು ವೈಫೈಗಳನ್ನು ಹೊರಡಿಸುತ್ತವೆ. ಮೊಬೈಲಿನ 5ಜಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ರೂಟರ್ ತಯಾರಿಸುವವರು ವೈಫೈ ಹೆಸರಿನ ಕೊನೆಗೆ 5G ಎಂದು ಅಂಟಿಸಿ, ನಮ್ಮ ಊರುಗಳಲ್ಲಿ ಆಗಬೇಕಾದ್ದಕ್ಕಿಂತ ಹೆಚ್ಚು ಗೊಂದಲ ಮಾಡಿಟ್ಟಿದ್ದಾರೆ. 5ರ ದಾರಿ ಅಗಲ, ವೇಗ ಹೆಚ್ಚು, ಆದರೆ ಗೋಡೆ ಬಂದರೆ ಬೇಗ ಸೋಲುತ್ತದೆ. 2.4ರ ದಾರಿ ಕಿರಿದು, ಜನಸಂದಣಿ ಜಾಸ್ತಿ, ಆದರೆ ಗೋಡೆ ದಾಟುವುದರಲ್ಲಿ ಗಟ್ಟಿ. ಗೋಡೆಯೇ ಇಲ್ಲದ ಬಯಲಿನಲ್ಲೂ ಒಂದೇ ದೂರಕ್ಕೆ 5ರ ಸಿಗ್ನಲ್ 2.4ಕ್ಕಿಂತ ಏಳು ಡೆಸಿಬೆಲ್‌ನಷ್ಟು ಕೆಳಗಿರುತ್ತದೆ. ಗೋಡೆಯ ನಷ್ಟ ಅದರ ಮೇಲಿನ ಲೆಕ್ಕ.

ಆ ಲೆಕ್ಕ ನಮ್ಮ ಕರಾವಳಿಯಲ್ಲಿ ದುಬಾರಿ. ಪಟ್ಟಣದ ಫ್ಲಾಟಿನ ಒಳಗೋಡೆ ನಾಲ್ಕೂವರೆ ಇಂಚಿನದು. ಹಳೆಯ ಚಿರೆಕಲ್ಲಿನ ಗೋಡೆ ಒಂದು ಅಡಿಯ ಹತ್ತಿರ ಬರುತ್ತದೆ, ಜೊತೆಗೆ ಆ ಕಲ್ಲು ತೂತುತೂತಾದದ್ದು, ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ನೀರು ರೇಡಿಯೋ ಅಲೆಯನ್ನು ನುಂಗುತ್ತದೆ, ಮೇಲಿನ ಬ್ಯಾಂಡನ್ನು ಹೆಚ್ಚು ನುಂಗುತ್ತದೆ. ಬೇಸಿಗೆಯಲ್ಲಿ ಸರಿಯಿದ್ದ ವೈಫೈ ಆಷಾಢದಲ್ಲಿ ಸೊರಗಿತು ಎಂದು ಯಾರಾದರೂ ಹೇಳಿದರೆ ನಗಬೇಡಿ.

ಅಳೆಯುವುದು ಹೇಗೆ? ಆಂಡ್ರಾಯ್ಡ್ ಮೊಬೈಲಿನಲ್ಲಿ ವೈಫೈ ಅಳೆಯುವ ಉಚಿತ ಆ್ಯಪುಗಳು ಬೇಕಾದಷ್ಟಿವೆ. ಅವು ಪ್ರತಿ ವೈಫೈಯ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ, ಋಣ ಸಂಖ್ಯೆಯಾಗಿ ತೋರಿಸುತ್ತವೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೂರು ಅಂಕ ಕೆಳಗಿಳಿದರೆ ಬಲ ಅರ್ಧ, ಹತ್ತು ಇಳಿದರೆ ಹತ್ತರಲ್ಲಿ ಒಂದು ಪಾಲು. ಟಿವಿಗೆ ನಾನು ಇಟ್ಟುಕೊಂಡಿರುವ ಗಡಿ −67. ಅದಕ್ಕಿಂತ ಮೇಲಿದ್ದರೆ ನಿಶ್ಚಿಂತೆ, −70 ಅಂಚು, −75 ದಾಟಿದರೆ ಆ ಬ್ಯಾಂಡಿನ ಆಸೆ ಬಿಡಿ. ಮೊಬೈಲನ್ನು ನೀವು ಕೂರುವ ಕುರ್ಚಿಯಲ್ಲಿ ಹಿಡಿದರೆ ಪ್ರಯೋಜನವಿಲ್ಲ. ಟಿವಿಯ ಬೆನ್ನಿನ ಪಕ್ಕದಲ್ಲಿ ಹಿಡಿಯಬೇಕು, ಟಿವಿ ಕೇಳಿಸಿಕೊಳ್ಳುವುದು ಅಲ್ಲಿಂದ.

ರೂಟರ್ ಜಗಲಿಯ ಮೂಲೆಯಲ್ಲಿದ್ದಾಗ ಅತ್ತೆಯ ಟಿವಿಯ ಬೆನ್ನಲ್ಲಿ 2.4 ತೋರಿಸಿದ್ದು −64, 5 ತೋರಿಸಿದ್ದು −82. ನಡುವೆ ಹದಿನೆಂಟು ಅಂಕ. ಅಂದರೆ 5 ತಲುಪುತ್ತಿದ್ದದ್ದು 2.4ರ ಅರವತ್ತರಲ್ಲಿ ಒಂದು ಪಾಲಿನಷ್ಟು ಬಲದಲ್ಲಿ. ಇಷ್ಟಾದರೂ ಟಿವಿ ಹಿಡಿದುಕೊಂಡಿದ್ದದ್ದು 5ನ್ನೇ! ರೂಟರ್ ಎರಡೂ ಬ್ಯಾಂಡಿಗೆ ಒಂದೇ ಹೆಸರು ಇಟ್ಟಿತ್ತು, ಟಿವಿ ತಾನೇ ಆರಿಸಿಕೊಂಡಿತ್ತು, ಒಮ್ಮೆ ಹಿಡಿದದ್ದನ್ನು ಬಿಟ್ಟಿರಲಿಲ್ಲ. ಮೊಬೈಲು ಕೋಣೆಯಿಂದ ಕೋಣೆಗೆ ನಡೆದಂತೆ ಬ್ಯಾಂಡು ಬದಲಿಸಿಕೊಳ್ಳುತ್ತದೆ. ಟಿವಿಗೆ ಆ ಬುದ್ಧಿ ಕಡಿಮೆ.

ಆ ರಾತ್ರಿಯ ಮಟ್ಟಿಗೆ ಮಾಡಿದ್ದು ಇಷ್ಟು. ಬ್ರೌಸರಿನಲ್ಲಿ 192.168.1.1 ತೆರೆದು, ವೈಫೈ ಪುಟದಲ್ಲಿ Band Steering ಎಂಬುದನ್ನು ಆಫ್ ಮಾಡಿದೆ. ಕೆಲವು ಪೆಟ್ಟಿಗೆಗಳಲ್ಲಿ ಇದಕ್ಕೆ Smart Connect ಎಂಬ ಹೆಸರಿರುತ್ತದೆ. ಎರಡೂ ಬ್ಯಾಂಡಿಗೆ ಬೇರೆ ಬೇರೆ ಹೆಸರು ಕೊಟ್ಟೆ. ಟಿವಿಯಲ್ಲಿ ಹಳೆಯ ವೈಫೈಯನ್ನು ಮರೆಸಿ 2.4ಕ್ಕೆ ಸೇರಿಸಿದೆ. ವೇಗ 22 ಎಂಬಿಪಿಎಸ್‌ಗೆ ನಿಂತಿತು. 5ರಲ್ಲಿ ಅದೇ ಜಾಗದಲ್ಲಿ 3ರಿಂದ 14ರವರೆಗೆ ಏರಿಳಿಯುತ್ತಿತ್ತು. ಅತ್ತೆ ಮಧ್ಯರಾತ್ರಿಯವರೆಗೆ ಆಟ ನೋಡಿದರು.

ಎರಡು ದಿನ ಬಿಟ್ಟು ಭಾವನ ಫೋನು ಬಂತು. ಸಂಜೆಯ ಹೊತ್ತು ಮತ್ತೆ ಚಕ್ರ.

ಕಾರಣ ಅಂಗಳದಲ್ಲಿತ್ತು. ಒಣಗಲು ಹಾಕುವ ಅಡಿಕೆಯನ್ನು ಕಾಯಲು ಭಾವ ಎರಡು ವೈಫೈ ಕ್ಯಾಮೆರಾಗಳನ್ನು ಹಾಕಿಸಿದ್ದ. ಇಂಥ ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4ರಲ್ಲಿ ಮಾತ್ರ ಕೆಲಸ ಮಾಡುತ್ತವೆ. ವೈಫೈಯ ಒಂದು ಚಾನೆಲಿನಲ್ಲಿ, ಅಂದರೆ ಬ್ಯಾಂಡಿನೊಳಗಿನ ಒಂದು ಓಣಿಯಲ್ಲಿ, ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು, ಉಳಿದವರು ಕಾಯಬೇಕು. ಅಂಗಳದಾಚೆಯ ಕ್ಯಾಮೆರಾಕ್ಕೆ ಸಿಗ್ನಲ್ ಸಣ್ಣದು. ಸಿಗ್ನಲ್ ಸಣ್ಣದಾದಾಗ ಅದು ನಿಧಾನವಾಗಿ ಮಾತಾಡುತ್ತದೆ. ಒಂದೇ ಮಾತಿಗೆ ಹತ್ತು ಪಟ್ಟು ಹೊತ್ತು ಹಿಡಿಯುತ್ತದೆ. ಪಡಿತರದ ಸಾಲಿನಲ್ಲಿ ಚಿಲ್ಲರೆ ಎಣಿಸುತ್ತ ನಿಂತವರ ಹಾಗೆ. ಸಂಜೆ ಮಕ್ಕಳ ಮೊಬೈಲುಗಳೂ ಅದೇ ಸಾಲಿಗೆ ಬಂದು ಸೇರಿದರೆ ಟಿವಿಯ ಸರದಿ ತಡವಾಗುತ್ತದೆ. ಸಿಗ್ನಲ್ −64 ಚೆನ್ನಾಗಿಯೇ ಇತ್ತು, ಆದರೆ ಸಾಲು ಉದ್ದವಾಗಿತ್ತು. 2.4ರಲ್ಲಿ ಸಿಗ್ನಲ್ ಪೂರ್ತಿ ಇದ್ದೂ ಟಿವಿ ನಿಲ್ಲುತ್ತಿದ್ದರೆ, ಕ್ಯಾಮೆರಾಗಳ ಪ್ಲಗ್ ಹತ್ತು ನಿಮಿಷ ತೆಗೆದು ನೋಡಿ. ನಿಲ್ಲುವುದು ತಪ್ಪಿದರೆ ಕಾರಣ ಸಿಕ್ಕಿತು.

ಹಾಗಾದರೆ ಟಿವಿಗೆ 5 ಬೇಕು, ಕ್ಯಾಮೆರಾಗಳಿಗೆ 2.4 ಇರಲಿ. ಆದರೆ 5 ಒಳಕೋಣೆಗೆ ತಲುಪಬೇಕಾದರೆ ರೂಟರ್ ಜಾಗ ಬಿಡಲೇಬೇಕು. ಮುಂದಿನ ಭಾನುವಾರದ ಕೆಲಸ ಅದೇ ಆಯಿತು.

ರೂಟರ್ ಜಗಲಿಯ ಮೂಲೆಯಲ್ಲಿ ಇದ್ದದ್ದಕ್ಕೆ ಒಂದೇ ಕಾರಣ, ಫೈಬರ್ ಅಲ್ಲಿಯ ಕಿಟಕಿಯಿಂದ ಒಳಗೆ ಬಂದಿತ್ತು. ಲೈನ್ ಹಾಕುವ ಹುಡುಗರಿಗೆ ದಿನಕ್ಕೆ ನಾಲ್ಕು ಮನೆ ಮುಗಿಸಬೇಕು. ಮೊದಲು ಸಿಕ್ಕ ಪ್ಲಗ್ಗಿನ ಪಕ್ಕ ಪೆಟ್ಟಿಗೆ ಇಟ್ಟು ಹೋಗುತ್ತಾರೆ. ಅದು ಹೆಚ್ಚಾಗಿ ಮನೆಯ ಒಂದು ತುದಿ. ಅರ್ಧ ವೈಫೈ ರಸ್ತೆಯ ಕಡೆಗೆ, ತೆಂಗಿನ ಮರಗಳಿಗೆ ಹೋಗುತ್ತದೆ.

ಮೂಲೆಯಲ್ಲಿಡುವುದರ ಇನ್ನೊಂದು ಕೇಡು ಓರೆ. ಅಲ್ಲಿಂದ ಟಿವಿಗೆ ಗೆರೆ ಎಳೆದರೆ ಅದು ಗೋಡೆಯನ್ನು ಓರೆಯಾಗಿ ಹಾಯುತ್ತದೆ. ಒಂದು ಅಡಿ ದಪ್ಪದ ಗೋಡೆಯನ್ನು ತೀರಾ ಓರೆಯಾಗಿ ಹಾದರೆ ಒಳಗೆ ಎರಡು ಅಡಿ ಕಲ್ಲು ಸಿಗಬಹುದು. ನಾವು ಒಂದು ಹಾಳೆಯ ಮೇಲೆ ಮನೆಯ ನಕ್ಷೆ ಗೀಚಿ, ಟಿವಿಯಿಂದ ಹೊರಟ ಗೆರೆಗಳನ್ನು ಎಳೆದೆವು. ಹಳೆಯ ಮನೆಗಳಲ್ಲಿ ಒಂದು ಅನುಕೂಲ ಇದೆ: ಹೆಬ್ಬಾಗಿಲು, ನಡುಮನೆಯ ಬಾಗಿಲು, ಹಿತ್ತಿಲ ಬಾಗಿಲು ಹೆಚ್ಚುಕಡಿಮೆ ಒಂದೇ ನೇರಕ್ಕೆ ಇರುತ್ತವೆ. ವೈಫೈಗೆ ಬಾಗಿಲು ಎಂದರೆ ಗೋಡೆಯಲ್ಲಿನ ತೂತು. ಹಲಸಿನ ಹಲಗೆಯ ಬಾಗಿಲು ಹಾಕಿದ್ದರೂ ಎರಡು ಮೂರು ಅಂಕ ಮಾತ್ರ ಕಳೆದುಕೊಳ್ಳುತ್ತೇವೆ. ನಡುಮನೆಯಲ್ಲಿ, ಟಿವಿ ಕೋಣೆಯ ಬಾಗಿಲಿಗೆ ಎದುರಾಗಿ ಒಂದು ಜಾಗ ಸಿಕ್ಕಿತು. ಅಲ್ಲಿಂದ ಟಿವಿಗೆ ಐದು ಮೀಟರ್, ನಡುವೆ ಒಂದೇ ಗೋಡೆ, ಅದರಲ್ಲೂ ಅರ್ಧ ಬಾಗಿಲು.

ಭಾವನಿಗೆ ರೂಟರನ್ನು ಕಬ್ಬಿಣದ ಬೀರುವಿನ ಮೇಲೆ ಇಡಬೇಕೆಂದಿತ್ತು. ಎತ್ತರದ ಜಾಗ, ಮಕ್ಕಳ ಕೈಗೆ ಸಿಗದು, ಮೊಳೆ ಹೊಡೆಯುವ ಕೆಲಸವಿಲ್ಲ. ವಾದ ಬೇಡವೆಂದು ಅಳೆದೆವು. ಬೀರುವಿನ ಮೇಲಿಟ್ಟಾಗ ಟಿವಿಯ ಬೆನ್ನಲ್ಲಿ 5ರ ಬಲ −71. ಅಲ್ಲಿಂದ ಮೂರೇ ಅಡಿ ಈಚೆ, ಗೋಡೆಗೆ ಹೊಡೆದ ಮರದ ಹಲಗೆಯ ಮೇಲಿಟ್ಟಾಗ −63. ಮೂರು ಅಡಿಗೆ ಎಂಟು ಅಂಕ. ಲೋಹದ ತಗಡು ಅಲೆಯನ್ನು ಹಾಯಗೊಡುವುದಿಲ್ಲ, ತಿರುಗಿಸಿ ಕಳಿಸುತ್ತದೆ. ಫ್ರಿಜ್ಜು, ಕನ್ನಡಿ, ನೀರಿನ ತೊಟ್ಟಿ, ಟಿವಿಯ ಬೆನ್ನು ಎಲ್ಲಕ್ಕೂ ಇದೇ ಎಚ್ಚರ. ಅಂದಕ್ಕಾಗಿ ರೂಟರನ್ನು ಶೋಕೇಸಿನೊಳಗೋ ಟಿವಿಯ ಹಿಂದೆಯೋ ಅಡಗಿಸುವವರನ್ನು ನೋಡಿದ್ದೇನೆ. ದೀಪವನ್ನು ಕೊಳಗದ ಕೆಳಗೆ ಇಟ್ಟಂತೆ.

ಹಲಗೆಯ ಎತ್ತರ ನೆಲದಿಂದ ಆರು ಅಡಿ. ಕುರ್ಚಿ, ಮಂಚ, ಮನುಷ್ಯರ ಮೈ ಎಲ್ಲದರ ತಲೆಯ ಮೇಲಿಂದ ಸಿಗ್ನಲ್ ಹಾದುಹೋಗುತ್ತದೆ. ಆಂಟೆನಾಗಳನ್ನು ನೆಟ್ಟಗೆ ನಿಲ್ಲಿಸಿದೆವು. ನಿಂತ ಆಂಟೆನಾ ಸುತ್ತಲೂ ಅಡ್ಡಡ್ಡ ಹರಡುತ್ತದೆ, ತನ್ನ ತುದಿಯ ಕಡೆಗೆ ಬಹಳ ಕಡಿಮೆ. ಟಿವಿ ಅಟ್ಟದ ಮೇಲಿದ್ದರೆ ಮಾತ್ರ ಒಂದನ್ನು ಮಲಗಿಸಿ ನೋಡಬೇಕು.

ಫೈಬರನ್ನು ಒಳಗೆ ತರುವುದು ನಮ್ಮ ಕೆಲಸವಲ್ಲ. ಲೈನಿನವನು ಬಂದು ಎರಡೂ ತುದಿಗೆ ಹಸಿರು ಮುಚ್ಚಳವಿರುವ ಹದಿನೈದು ಮೀಟರಿನ ಸಿದ್ಧ ತಂತಿ ಹಾಕಿದ. ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಚಂದ ಕಾಣಲೆಂದು ಅದನ್ನು ಲಂಬಕ್ಕೆ ಮಡಿಸಿ ಮೊಳೆ ಬಿಗಿದ ಕೂಡಲೇ ಪೆಟ್ಟಿಗೆಯಲ್ಲಿ LOS ಎಂಬ ಕೆಂಪು ದೀಪ ಮಿಣುಕಿತು. ಫೈಬರ್ ಎಂದರೆ ಗಾಜು. ಬಿಗಿಯಾಗಿ ಬಗ್ಗಿದರೆ ಒಳಗಿನ ಬೆಳಕು ತಿರುವಿನಲ್ಲೇ ಸೋರಿಹೋಗುತ್ತದೆ. ಮೊಳೆ ಸಡಿಲಿಸಿ ಚಹಾದ ಬಸಿಯಷ್ಟು ಅಗಲದ ತಿರುವು ಕೊಟ್ಟಾಗ ದೀಪ ಆರಿತು. ಫೈಬರ್ ಸರಿಸಲು ಲೈನಿನವರು ಒಪ್ಪದಿದ್ದರೆ ಹಳೆಯ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಅದರಿಂದ ಕ್ಯಾಟ್ 6 ತಂತಿ ಎಳೆದು ನಡುಮನೆಯಲ್ಲಿ ಇನ್ನೊಂದು ರೂಟರನ್ನು Access Point ಎಂಬ ವಿಧಾನದಲ್ಲಿ ಕೂರಿಸಬಹುದು. ಆ ತಂತಿ ನೂರು ಮೀಟರ್‌ವರೆಗೂ ನಡೆಯುತ್ತದೆ.

ಜಾಗ ಬದಲಾದ ಮೇಲೆ ಟಿವಿಯ ಬೆನ್ನಲ್ಲಿ ಅಳೆದ ಲೆಕ್ಕ, ಹಳೆಯದರ ಜೊತೆಗೆ:

| ರೂಟರ್ ಇರುವ ಜಾಗ | 2.4 ಗಿಗಾಹರ್ಟ್ಸ್ | 5 ಗಿಗಾಹರ್ಟ್ಸ್ |
|---|---|---|
| ಜಗಲಿಯ ಮೂಲೆ, ಎರಡು ಗೋಡೆ | −64, 22 ಎಂಬಿಪಿಎಸ್ | −82, 3ರಿಂದ 14 ಎಂಬಿಪಿಎಸ್ |
| ನಡುಮನೆಯ ಹಲಗೆ, ಒಂದು ಗೋಡೆ | −53, 34 ಎಂಬಿಪಿಎಸ್ | −63, 57 ಎಂಬಿಪಿಎಸ್ |

ಒಂದೇ ಮನೆ, ಒಂದೇ ಟಿವಿ, ಒಂದೇ ಲೈನು. ಮೇಲಿನ ಸಾಲಿನಲ್ಲಿ 2.4 ಗೆಲ್ಲುತ್ತದೆ, ಕೆಳಗಿನದರಲ್ಲಿ 5. ಅದಕ್ಕೇ "ಯಾವ ಬ್ಯಾಂಡು ಒಳ್ಳೆಯದು" ಎಂದು ಯಾರಾದರೂ ಕೇಳಿದರೆ ನಾನು ಮೊದಲು ಗೋಡೆ ಎಷ್ಟು ಎಂದು ಕೇಳುತ್ತೇನೆ, ಆಮೇಲೆ ನೆರೆಮನೆ ಎಷ್ಟು ದೂರ ಎಂದು. ಎರಡನೆಯ ಪ್ರಶ್ನೆ ಏಕೆಂದು ಹೇಳಬೇಕು.

ನಾನಿರುವುದು ಕಾರವಾರದ ಒಂದು ಫ್ಲಾಟಿನಲ್ಲಿ. ಹಾಲಿನಲ್ಲಿ ನಿಂತು ಆ್ಯಪ್ ತೆರೆದರೆ 2.4ರಲ್ಲಿ ಹದಿನೇಳು ವೈಫೈಗಳು ಕಾಣುತ್ತವೆ, 5ರಲ್ಲಿ ನಾಲ್ಕು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳು ಮೂರೇ: 1, 6, 11. ಹದಿನೇಳು ಮನೆಯವರು ಮೂರು ಸಾಲಿನಲ್ಲಿ ನಿಂತಿದ್ದಾರೆ ಎಂದಿಟ್ಟುಕೊಳ್ಳಿ. ಮೇಲಿನ ಮನೆಯವರ ಮೈಕ್ರೋವೇವ್ ಒಲೆ, ನಮ್ಮದೇ ಬ್ಲೂಟೂತ್ ಸ್ಪೀಕರು ಕೂಡ ಇದೇ ಬ್ಯಾಂಡಿನಲ್ಲಿ ಸದ್ದು ಮಾಡುತ್ತವೆ. ಅಲ್ಲಿ ಟಿವಿಗೂ ರೂಟರಿಗೂ ನಡುವೆ ಒಂದು ತೆಳು ಗೋಡೆ, 5ರ ಬಲ −58. ಇಂಥಲ್ಲಿ 2.4ರ ಯೋಚನೆಯೇ ಬೇಡ. ನೆರೆಮನೆಗಳ 5 ಗೋಡೆ ದಾಟಿ ನಮ್ಮವರೆಗೆ ಬರುವುದು ಕಡಿಮೆ ಎನ್ನುವುದೇ ಫ್ಲಾಟಿನಲ್ಲಿ 5ರ ದೊಡ್ಡ ಗುಣ. ಗೋಡೆಗೆ ಸೋಲುವ ದೌರ್ಬಲ್ಯವೇ ಇಲ್ಲಿ ಉಪಕಾರಕ್ಕೆ ಬರುತ್ತದೆ.

ಶಿರಸಿಯ ಕಡೆಯ ಗೆಳೆಯನ ಮನೆ ಇದಕ್ಕೆ ತಿರುಗುಮುರುಗು. ಸುತ್ತ ಅಡಿಕೆ ತೋಟ, ನೆರೆಮನೆಗೆ ಹೋಗಬೇಕಾದರೆ ಸಂಕ ದಾಟಬೇಕು. 2.4ರಲ್ಲಿ ಕಾಣುವುದು ಅವನ ವೈಫೈ ಒಂದೇ. ಪಟ್ಟಣದವರು 2.4ಕ್ಕೆ ಹೊರಿಸಿದ ಅಪವಾದ ಅಲ್ಲಿಗೆ ಅನ್ವಯವಾಗುವುದಿಲ್ಲ. ಟಿವಿ ಎರಡು ಕೋಣೆಯಾಚೆ ಇದ್ದರೂ ಅವನು 2.4ರಲ್ಲೇ 40 ಎಂಬಿಪಿಎಸ್ ಪಡೆಯುತ್ತಾನೆ, ಚಕ್ರ ಕಂಡಿಲ್ಲ. ಅವನಿಗೆ ಏನನ್ನೂ ಮುಟ್ಟಬೇಡ ಎಂದೆ. ಇನ್ನೂ ವೇಗ ಬೇಕೆನಿಸಿದರೆ 2.4ರ ಚಾನೆಲಿನ ಅಗಲವನ್ನು 20 ಮೆಗಾಹರ್ಟ್ಸಿನಿಂದ 40ಕ್ಕೆ ಏರಿಸಬಹುದು. ಫ್ಲಾಟಿನಲ್ಲಿ ಹಾಗೆ ಮಾಡಿದರೆ ಅದು ಪಕ್ಕದವರ ಅಂಗಳಕ್ಕೆ ಬೇಲಿ ಸರಿಸಿದಂತೆ, ಕೊನೆಗೆ ನಮಗೂ ನಷ್ಟ. ಒಂಟಿ ಮನೆಯಲ್ಲಿ ಆ ತಕರಾರಿಲ್ಲ.

ಕೆಲವು ಟಿವಿಗಳಿಗೆ ಆಯ್ಕೆಯೇ ಇರುವುದಿಲ್ಲ. ಅಗ್ಗದ ಟಿವಿಗಳಲ್ಲಿ ಹಲವು 2.4ನ್ನು ಮಾತ್ರ ಬಲ್ಲವು. ಬ್ಯಾಂಡುಗಳಿಗೆ ಬೇರೆ ಹೆಸರಿಟ್ಟ ಮೇಲೆ 5ರ ಹೆಸರು ಮೊಬೈಲಿನಲ್ಲಿ ಕಂಡು ಟಿವಿಯ ಪಟ್ಟಿಯಲ್ಲಿ ಕಾಣದಿದ್ದರೆ ಎರಡು ಕಾರಣಗಳಿರಬಹುದು. ಒಂದು, ಟಿವಿಗೆ 5 ಗೊತ್ತಿಲ್ಲ. ಇನ್ನೊಂದು, ರೂಟರ್ ಆರಿಸಿಕೊಂಡ ಚಾನೆಲ್ ಆ ಟಿವಿಗೆ ಗೊತ್ತಿಲ್ಲ. ಮೊದಲು ರೂಟರಿನಲ್ಲಿ 5ರ ಚಾನೆಲನ್ನು 36ಕ್ಕೆ ಹಾಕಿ ನೋಡಿ. ಆಗಲೂ ಕಾಣದಿದ್ದರೆ ಟಿವಿಗೆ ಸಿಕ್ಕಿಸುವ, 5 ಬಲ್ಲ ಸ್ಟಿಕ್ ಒಂದನ್ನು ಕೊಳ್ಳಬಹುದು. ಅದನ್ನು ನೇರ ಟಿವಿಯ ಬೆನ್ನಿಗೆ ಚುಚ್ಚಿದರೆ ಟಿವಿಯ ಲೋಹದ ನೆರಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಗೇಣಿನ ಎಚ್‌ಡಿಎಂಐ ತಂತಿ ಹಾಕಿ ಅಂಚಿನಿಂದ ಹೊರಗೆ ತೂಗುಬಿಡಿ.

5ರ ಚಾನೆಲನ್ನು ತಾನಾಗಿ ಆರಿಸಿಕೊಳ್ಳಲು ಬಿಡುವುದಕ್ಕಿಂತ 36ರಿಂದ 48ರೊಳಗಿನ ಒಂದಕ್ಕೆ ಕಟ್ಟಿಹಾಕುವುದೇ ನನಗೆ ಇಷ್ಟ. 52ರಿಂದ 144ರವರೆಗಿನ ಚಾನೆಲುಗಳು ರೇಡಾರುಗಳ ಜೊತೆ ಹಂಚಿಕೊಂಡವು. ರೇಡಾರಿನ ಸದ್ದು ಕೇಳಿತೆಂದು ಅನಿಸಿದರೆ ರೂಟರ್ ಆ ಚಾನೆಲ್ ಬಿಟ್ಟು ಓಡಲೇಬೇಕು, ಇಂಥ ಇನ್ನೊಂದು ಚಾನೆಲಿಗೆ ಹೋದರೆ ಅಲ್ಲಿ ಒಂದು ನಿಮಿಷವಾದರೂ ಕಿವಿಗೊಟ್ಟು ಕಾಯಬೇಕು. ಟಿವಿ ಎರಡು ಮೂರು ದಿನಕ್ಕೊಮ್ಮೆ ಇದ್ದಕ್ಕಿದ್ದಂತೆ ವೈಫೈ ಕಳೆದುಕೊಂಡು, ಒಂದು ನಿಮಿಷದ ಮೇಲೆ ತಾನೇ ಸರಿಯಾಗುತ್ತಿದ್ದರೆ ಇದನ್ನು ಶಂಕಿಸಿ. ಅಗಲ 80 ಮೆಗಾಹರ್ಟ್ಸ್ ಇರಲಿ. ಬಲ −68, −70ರ ಆಸುಪಾಸಿನಲ್ಲಿದ್ದರೆ 40ಕ್ಕೆ ಇಳಿಸಿ. ವೇಗ ಅರ್ಧವಾದರೂ ಹಿಡಿತ ಗಟ್ಟಿಯಾಗುತ್ತದೆ, ಟಿವಿಗೆ ಬೇಕಾದದ್ದು ಅದೇ.

ರೂಟರ್ ಸರಿಸಲು ಆಗದ ಮನೆಯವರು ರಿಪೀಟರ್ ಕೊಳ್ಳಲು ಹೊರಡುತ್ತಾರೆ. ನನಗೆ ಅದರ ಮೇಲೆ ಅಷ್ಟು ವಿಶ್ವಾಸವಿಲ್ಲ. ಕೇಳಿದ್ದನ್ನೇ ಅದೇ ಬ್ಯಾಂಡಿನಲ್ಲಿ ಮತ್ತೆ ಹೇಳುವ ಸಾದಾ ರಿಪೀಟರ್ ವೇಗವನ್ನು ಸುಮಾರು ಅರ್ಧ ಮಾಡುತ್ತದೆ. ಎಲ್ಲರೂ ಅದನ್ನು ಟಿವಿ ಕೋಣೆಯಲ್ಲೇ ಚುಚ್ಚುತ್ತಾರೆ ಬೇರೆ. ಸಿಗ್ನಲ್ ಸತ್ತಲ್ಲಿ ಇಟ್ಟರೆ ಅದು ಸತ್ತದ್ದನ್ನೇ ಜೋರಾಗಿ ಹೇಳುತ್ತದೆ. ಟಿವಿಯಲ್ಲಿ ಗೆರೆ ಪೂರ್ತಿ, ಚಕ್ರವೂ ಪೂರ್ತಿ. ಇಡುವುದೇ ಆದರೆ ನಡುದಾರಿಯಲ್ಲಿ, ರೂಟರಿನ ಬಲ ಇನ್ನೂ −60ರ ಆಸುಪಾಸು ಇರುವಲ್ಲಿ ಇಡಿ.

ಅದಕ್ಕಿಂತ ಟಿವಿಯವರೆಗೆ ಒಂದು ಕ್ಯಾಟ್ 6 ತಂತಿ ಎಳೆಯುವುದು ಮೇಲು. ಟಿವಿಯ ತಂತಿ ಕಿಂಡಿ ಹೆಚ್ಚಿನವುಗಳಲ್ಲಿ 100 ಎಂಬಿಪಿಎಸ್‌ಗೆ ನಿಲ್ಲುತ್ತದೆ ಎಂದು ಮೂಗು ಮುರಿಯುವವರಿದ್ದಾರೆ. 4ಕೆ ಚಿತ್ರ ಕೇಳುವುದು ಇಪ್ಪತ್ತನ್ನು ಎಂದ ಮೇಲೆ ನೂರು ಧಾರಾಳ. ಎರಡು ಬ್ಯಾಂಡಿನ ಈ ಇಡೀ ಪಂಚಾಯಿತಿಕೆಯೂ ತಪ್ಪುತ್ತದೆ. ಆದರೆ ಮನೆಯಿಂದ ಕೊಟ್ಟಿಗೆಯ ಮೇಲಿನ ಕೋಣೆಗೆ ಹೊರಗಿನಿಂದ ತಾಮ್ರದ ತಂತಿ ಎಳೆಯಬೇಡಿ. ಗುಡುಗು ಮಿಂಚಿನ ಮಳೆಗೆ ಅದು ಎರಡೂ ತುದಿಯ ಸಾಮಾನುಗಳನ್ನು ಒಟ್ಟಿಗೆ ಸುಡಬಲ್ಲದು. ಕಟ್ಟಡದಿಂದ ಕಟ್ಟಡಕ್ಕೆ ಫೈಬರೇ ಸರಿ, ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ.

ಜುಲೈಯಲ್ಲಿ ಮತ್ತೆ ಅತ್ತೆಯ ಮನೆಗೆ ಹೋದಾಗ ಮಳೆ ಹಿಡಿದು ಹತ್ತು ದಿನವಾಗಿತ್ತು, ಹೊರಗೋಡೆಗಳಲ್ಲಿ ಪಾಚಿ ಎದ್ದಿತ್ತು. ಟಿವಿಯ ಬೆನ್ನಲ್ಲಿ ಮೊಬೈಲ್ ಹಿಡಿದೆ. 2.4 ಒಂದು ಅಂಕ ಇಳಿದು −54, 5 ಮೂರು ಇಳಿದು −66. ಗಡಿಯೊಳಗೇ ಇತ್ತು. ಮೇಳಗಳು ತಿರುಗಾಟ ಮುಗಿಸಿದ್ದರಿಂದ ಅತ್ತೆ ಹಳೆಯ ಪ್ರಸಂಗ ಹಾಕಿಕೊಂಡಿದ್ದರು, Buffer Health ಎಪ್ಪತ್ತರ ಹತ್ತಿರ ನಿಂತಿತ್ತು. "ಈಗ ಚಕ್ರ ಬರುವುದು ಕರೆಂಟು ಹೋಗಿ ಬಂದಾಗ ಮಾತ್ರ" ಎಂದರು. ಇನ್‌ವರ್ಟರ್ ಇದ್ದರೂ ಬದಲಾಗುವ ಕ್ಷಣಕ್ಕೆ ರೂಟರ್ ಆರಿ, ಮತ್ತೆ ಏಳಲು ಎರಡು ನಿಮಿಷ ತೆಗೆದುಕೊಳ್ಳುತ್ತಿತ್ತು. ಅದಕ್ಕೆ ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಹಾಕಿದರೆ ಸಾಕು. ಕೊಳ್ಳುವ ಮೊದಲು ಹಳೆಯ ಅಡಾಪ್ಟರಿನ ಬೆನ್ನಿನ ಚೀಟಿ ಓದಿಕೊಳ್ಳಿ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟಾದರೂ ಇರಬೇಕು. ಅತ್ತೆಯ ಪೆಟ್ಟಿಗೆಯದ್ದು 12 ವೋಲ್ಟ್, ಒಂದೂವರೆ ಆಂಪಿಯರ್; ಭಾವ ಪೇಟೆಯಿಂದ ಮೊದಲು ತಂದದ್ದು 9 ವೋಲ್ಟಿನದು, ಮರುದಿನವೇ ವಾಪಸು ಕೊಟ್ಟು ಬಂದ.